ಚಾಟ್ ಆ್ಯಪ್‌ನ ‘ಚುಟುಕಾಗಿಸಿ’ ಬಟನ್: ಸಂಖ್ಯೆ ಉಳಿಯುತ್ತೆ, ಷರತ್ತು ಹಾರಿಹೋಗುತ್ತೆ

ಆಫೀಸಿನ ಚಾಟ್ ಆ್ಯಪ್‌ನಲ್ಲಿ ಈ ಬಟನ್ ಬಂದಾಗಿನಿಂದ ದಿನಾ ಬಳಸುತ್ತಿದ್ದೇನೆ. ನಾನು ಬಾಯಲ್ಲಿ ಹೇಳಿ ಟೈಪ್ ಮಾಡಿಸುವವಳು. ಹಾಗಾಗಿ ನನ್ನ ಮೆಸೇಜಿನಲ್ಲಿ "ಅದೇ ನಿನ್ನೆ ಹೇಳಿದ್ನಲ್ಲ", "ಹಾಂ, ಇನ್ನೊಂದು ವಿಷಯ" ಇಂಥವು ಜಾಸ್ತಿ. ಬಟನ್ ಒತ್ತಿದರೆ ಇವೆಲ್ಲ ಕಳಚಿಕೊಂಡು ಮೂರು ಸಾಲು ಉಳಿಯುತ್ತವೆ. ಓದಲು ಹಿತ. ಮೊದಮೊದಲು ತುಂಬಾ ಖುಷಿಯಾಗಿತ್ತು.

ಆಮೇಲೆ ಒಂದು ತೊಂದರೆ ಕಣ್ಣಿಗೆ ಬಿತ್ತು. ಮ್ಯಾನೇಜರಿಗೆ ಕಳಿಸಲು ಹೀಗೆ ಹೇಳಿದ್ದೆ:

"ಸರ್, ಬ್ರೋಷರ್ ವಿಷಯ. ಪ್ರೆಸ್‌ನವರ ಹತ್ರ ಮಾತಾಡಿದೆ, ಗುರುವಾರ ಕೊಡ್ತಾರಂತೆ, ಆದ್ರೆ ನಾವು ಮಂಗಳವಾರ ಸಂಜೆಯೊಳಗೆ ಪ್ರೂಫ್ ಓಕೆ ಮಾಡಿದ್ರೆ ಮಾತ್ರ. 500 ಹೇಳಿದ್ವಲ್ಲ, ಗುರುವಾರ 300 ಬರಬಹುದು, ಉಳಿದಿದ್ದು ಸೋಮವಾರ ಅಂದ್ರು. ಹಾಂ, ಹಿಂದಿನ ಪುಟದ ಫೋನ್ ನಂಬರ್ ನೀವಿನ್ನೂ ನೋಡಿಲ್ಲ ಅನ್ಸುತ್ತೆ."

ಬಟನ್ ಕೊಟ್ಟಿದ್ದು: "ಬ್ರೋಷರ್‌ನ 300 ಪ್ರತಿಗಳು ಗುರುವಾರ, ಉಳಿದ 200 ಸೋಮವಾರ ಬರುತ್ತವೆ. ಫೋನ್ ನಂಬರ್ ಪರಿಶೀಲಿಸಬೇಕಿದೆ."

ಲೆಕ್ಕ ಸರಿಯಿದೆ, ವಾರಗಳೂ ಸರಿ. ಆದರೆ ಮಂಗಳವಾರದ ಗಡುವೇ ಇಲ್ಲ! "ಬರಬಹುದು" ಅನ್ನೋದು "ಬರುತ್ತವೆ" ಆಗಿದೆ. ಪ್ರೆಸ್‌ನವರ ಮಾತು ನನ್ನ ಭರವಸೆಯಾಗಿದೆ. ಫೋನ್ ನಂಬರ್ ಯಾರು ನೋಡಬೇಕು ಅನ್ನೋದೂ ಹೋಗಿದೆ. ಇದನ್ನು ಓದಿದವರು ಸುಮ್ನೆ ಗುರುವಾರಕ್ಕೆ ಕಾಯುತ್ತಾರೆ, ಅಲ್ವಾ? ಬರೀ ಸಂಖ್ಯೆ ತಾಳೆ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ನನಗೆ ಸಿಟ್ಟು ಬಂದಿದ್ದು ಅದಕ್ಕೇ.

ನಾನು ತಿದ್ದಿ ಕಳಿಸಿದ್ದು: "ಸರ್, ಬ್ರೋಷರ್ ಪ್ರೂಫನ್ನು ಮಂಗಳವಾರ ಸಂಜೆಯೊಳಗೆ ಓಕೆ ಮಾಡಬೇಕು. ಮಾಡಿದರೆ ಗುರುವಾರ 300, ಸೋಮವಾರ 200 ಪ್ರತಿ ಕೊಡಬಹುದು ಎಂದು ಪ್ರೆಸ್‌ನವರು ಹೇಳಿದ್ದಾರೆ. ಹಿಂದಿನ ಪುಟದ ಫೋನ್ ನಂಬರನ್ನು ದಯವಿಟ್ಟು ನೀವು ನೋಡಿ." ಉದ್ದ ಸ್ವಲ್ಪ ಇಳಿದಿದೆ, ವಿಷಯ ಒಂದೂ ಬಿಟ್ಟಿಲ್ಲ. ಅವರು ಮಾಡಬೇಕಾದ ಕೆಲಸ ಮೊದಲ ಸಾಲಿಗೇ ಬಂದಿದೆ. ನೋಟಿಫಿಕೇಶನ್‌ನಲ್ಲಿ ಕಾಣುವುದು ಹೆಚ್ಚಾಗಿ ಆ ಸಾಲು ಮಾತ್ರ.

ಈಗ ಒಂದು ರೂಢಿ ಮಾಡಿಕೊಂಡಿದ್ದೇನೆ. ಒತ್ತುವ ಮೊದಲು ಉದ್ದದ ಮೆಸೇಜನ್ನು ಕಾಪಿ ಮಾಡಿ ನನಗೇ ಕಳಿಸಿಕೊಳ್ಳುತ್ತೇನೆ. ಚುಟುಕಾದ ಮೇಲೆ ಹಳೆಯದರಲ್ಲಿ "ಆದ್ರೆ", "ಮಾತ್ರ", "ಇಲ್ಲ", "ಬಹುದು" ಎಲ್ಲೆಲ್ಲಿವೆ ನೋಡಿ, ಹೊಸದರಲ್ಲಿ ಒಂದೊಂದನ್ನೇ ಹುಡುಕುತ್ತೇನೆ. ಅರ್ಧ ನಿಮಿಷದ ಕೆಲಸ. ಎರಡು ವಿಷಯ ಬೆರೆತಿದ್ದರೆ ಮೊದಲೇ ಎರಡು ಮೆಸೇಜ್ ಮಾಡುತ್ತೇನೆ. ಹಾಗೆ ಒಡೆದು ಕೊಟ್ಟರೆ ಬಟನ್ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತದೆ. ಅದರ ಮೇಲಿನ ಸಿಟ್ಟೂ ಈಗ ಕಡಿಮೆಯಾಗಿದೆ.

ಉಚಿತವಾಗಿ ಸಿಗುವಷ್ಟೇ ನನಗೆ ಸಾಕು. ಷರತ್ತು ಉಳಿಸುವುದನ್ನು ಕಲಿಯುವ ತನಕ ದುಡ್ಡು ಕೊಡುವುದಿಲ್ಲ. ಮೀಟಿಂಗ್ ಸಮಯ ಬದಲಾಯಿತು, ಫೈಲ್ ತಲುಪಿತು, ಇಂಥದ್ದಕ್ಕೆ ಕಣ್ಣುಮುಚ್ಚಿ ಬಳಸಬಹುದು. ಗಡುವು, ಹಣ, ಒಪ್ಪಿಗೆಯ ಮಾತಿದ್ದರೆ ಕೊನೆಯ ಸಾಲುಗಳನ್ನು ನಾನೇ ಬರೆಯುತ್ತೇನೆ.