ಝೊಟೆರೊ: ಪೇಪರ್ ಕೂಡಿಡುವುದು ಸುಲಭ, ಮೂಲ ಹುಡುಕುವುದೇ ಕೆಲಸ

ಸಂಶೋಧನಾ ಪೇಪರ್‌ಗಳನ್ನೂ ಅವುಗಳ ವಿವರಗಳನ್ನೂ ಒಂದೇ ಕಡೆ ಜೋಡಿಸಿಡುವ ಝೊಟೆರೊ ಅನ್ನುವ ತಂತ್ರಾಂಶವನ್ನು ಪಿಎಚ್‌ಡಿ ಶುರುವಾದಾಗಿನಿಂದ ಬಳಸುತ್ತಿದ್ದೇನೆ. ನನ್ನ ವಿಷಯ ಕ್ಯಾಸನೂರು ಕಾಡಿನ ಕಾಯಿಲೆ, ಅಂದರೆ ನಮ್ಮ ಕಡೆ ಎಲ್ಲರೂ ಹೇಳುವ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನಲ್ಲಿ ಪತ್ತೆಯಾದಾಗಿನಿಂದ ಇದರ ಬಗ್ಗೆ ಬರೆದವರು ಬಹಳ ಮಂದಿ. ಅದರಲ್ಲಿ ಹಳೆಯ ಪೇಪರಿನ ಮಾತನ್ನೇ ತಿರುಗಿ ಬರೆದವರು ಜಾಸ್ತಿ. ಹಾಗಾಗಿ ಈ ವಿಷಯಕ್ಕೆ ಪಿಡಿಎಫ್ ಗುಡ್ಡೆ ಹಾಕುವುದು ಬಹಳ ಸುಲಭ. ಝೊಟೆರೊಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ಒಂದು ಅಂಕ ಯಾಕೆ ಕಳೆದೆ ಅನ್ನೋದನ್ನೂ ಹೇಳುತ್ತೇನೆ.

ಬ್ರೌಸರಿನಲ್ಲಿ ಒಂದು ಗುಂಡಿ ಒತ್ತಿದರೆ ಪೇಪರ್, ಲೇಖಕರ ಹೆಸರು, ವರ್ಷ ಎಲ್ಲ ಒಳಗೆ ಬರುತ್ತದೆ. ಎಲ್ಲರೂ ಹೊಗಳುವುದು ಇದನ್ನೇ. ನನ್ನನ್ನು ಕೇಳಿದರೆ ಅಪಾಯ ಇರುವುದೂ ಇದರಲ್ಲೇ. ಸೇವ್ ಮಾಡಿದ್ದನ್ನು ಓದಿದ್ದೇವೆ ಅಂತ ಮನಸ್ಸು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಅದಕ್ಕೆ ಹೊಸದಾಗಿ ಬಂದದ್ದೆಲ್ಲ ನನ್ನಲ್ಲಿ ‘ಜಗಲಿ’ ಅನ್ನುವ ಒಂದೇ ಕಲೆಕ್ಷನ್‌ಗೆ ಬೀಳುತ್ತದೆ. ಸಾರಾಂಶ ಓದಿ, ನನ್ನ ಬರಹದ ಯಾವ ವಾಕ್ಯಕ್ಕೆ ಇದು ಬೇಕು ಅಂತ ಹೇಳಲು ಬಂದರೆ ಮಾತ್ರ ಮುಂದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಕಸದ ಬುಟ್ಟಿಗೆ.

ಕಲೆಕ್ಷನ್‌ಗಳಿಗೆ ಸಹ ‘ಉಣುಗು’, ‘ಮಂಗ’, ‘ಲಸಿಕೆ’ ಅಂತ ವಿಷಯದ ಹೆಸರಿಡುವುದಿಲ್ಲ. ಉತ್ತರ ಬೇಕಾದ ಪ್ರಶ್ನೆಯನ್ನೇ ಹೆಸರಾಗಿ ಇಡುತ್ತೇನೆ. ‘ಲಸಿಕೆ ಎಷ್ಟು ಕಾಯುತ್ತದೆ?’, ‘ಕಾಡು ಕಡಿದ ಕಡೆ ಕಾಯಿಲೆ ಹೆಚ್ಚೇ?’ ಅನ್ನುವ ಥರ. ಕಲೆಕ್ಷನ್ ಅಂದರೆ ಕಂಪ್ಯೂಟರಿನ ಫೋಲ್ಡರ್ ಅಲ್ಲ. ಒಂದೇ ಪೇಪರ್ ಮೂರು ಕಲೆಕ್ಷನ್‌ಗಳಲ್ಲಿ ಇದ್ದರೂ ಫೈಲ್ ಒಂದೇ. ವಿಂಡೋಸ್‌ನಲ್ಲಿ ಪೇಪರನ್ನು ಆರಿಸಿ Ctrl ಒತ್ತಿ ಹಿಡಿದರೆ ಅದು ಎಲ್ಲೆಲ್ಲಿದೆ ಅಂತ ಬಣ್ಣ ಹಾಕಿ ತೋರಿಸುತ್ತದೆ. ತೆಗೆಯುವಾಗ ಮಾತ್ರ ಹುಷಾರಾಗಿರಬೇಕು. `Remove Item from Collection` ಅಂದರೆ ಆ ಗುಂಪಿನಿಂದಷ್ಟೇ ಹೋಗುತ್ತದೆ. `Move Item to Trash` ಅಂದರೆ ಎಲ್ಲ ಕಡೆಯಿಂದಲೂ.

ಲಸಿಕೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಆ ಕಲೆಕ್ಷನ್ ತೆರೆದರೆ ಪೇಪರ್ ಮೇಲೆ ಪೇಪರ್‌ನಲ್ಲಿ ಅದೇ ಎರಡು ಅಂಕಿ ಸಿಗುತ್ತವೆ: ಒಂದು ಡೋಸಿಗೆ ಶೇ. 79.3, ಎರಡು ಡೋಸಿಗೆ ಶೇ. 93.5 ರಕ್ಷಣೆ. ಇಷ್ಟು ಜನ ಹೇಳಿದ್ದಾರೆ ಅಂದಮೇಲೆ ಗಟ್ಟಿ ಮಾತು ಅನ್ನಿಸುತ್ತದೆ, ಅಲ್ವಾ? ಪ್ರತಿ ಪೇಪರಿನಲ್ಲೂ ಆ ಅಂಕಿಯ ಪಕ್ಕದ ಉಲ್ಲೇಖ ಹಿಡಿದು ಹಿಂದಕ್ಕೆ ಹೋದರೆ ಎಲ್ಲವೂ ಬಂದು ನಿಲ್ಲುವುದು ಒಂದೇ ಕಡೆ: 1990ರಿಂದ 92ರವರೆಗೆ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ನಡೆದ, 1994ರಲ್ಲಿ ಪ್ರಕಟವಾದ ಅಧ್ಯಯನ. ಅಂದರೆ ಅಷ್ಟೂ ಪೇಪರ್ ಸೇರಿ ಒಂದೇ ಸಾಕ್ಷಿ.

ಇಲ್ಲಿ ನನಗೆ ಉಪಯೋಗಕ್ಕೆ ಬಂದದ್ದು `Related` ಅನ್ನುವ ಜಾಗ. ಯಾರೂ ಇದರ ಸುದ್ದಿ ಎತ್ತುವುದಿಲ್ಲ. ತಿರುಗಿ ಹೇಳಿದ ಪೇಪರ್‌ಗಳನ್ನೆಲ್ಲ ಅಲ್ಲಿಂದ ಮೂಲ ಪೇಪರಿಗೆ ಜೋಡಿಸಿ, ‘ಎರಡನೇ ಕೈ’ ಅಂತ ಟ್ಯಾಗ್ ಹಾಕಿ, ಪ್ರಶ್ನೆಯ ಕಲೆಕ್ಷನ್‌ನಿಂದ ಹೊರಗೆ ತೆಗೆದೆ. ಉಳಿದವು ಬೆರಳೆಣಿಕೆಯಷ್ಟು. ಆಮೇಲೆ 2013ರ ಇನ್ನೊಂದು ಮೂಲ ಅಧ್ಯಯನ ಎದ್ದು ಕಂಡಿತು. ಕರ್ನಾಟಕದ 2005ರಿಂದ 2010ರವರೆಗಿನ ಮಾಹಿತಿ ಇಟ್ಟುಕೊಂಡು ಅವರು ಹೇಳುವುದು ಬೇರೆಯೇ: ಎರಡು ಡೋಸಿಗೆ ಶೇ. 62.4, ಬೂಸ್ಟರ್ ಸಹ ತೆಗೆದುಕೊಂಡವರಿಗೆ ಶೇ. 82.9, ಒಂದೇ ಡೋಸಿನಿಂದ ಪ್ರಯೋಜನವಿಲ್ಲ. ನಾನು ಬರೆಯಬೇಕಾದದ್ದು ಈ ಎರಡರ ನಡುವಿನ ಅಂತರವನ್ನು. ‘ಲಸಿಕೆ’ ಅನ್ನುವ ಫೋಲ್ಡರಿನಲ್ಲಿ ಎಲ್ಲ ಒಟ್ಟಿಗೆ ಬಿದ್ದಿದ್ದರೆ ಜನ ಜಾಸ್ತಿ ಇರುವ ಕಡೆಯೇ ಗೆಲ್ಲುತ್ತಿತ್ತು.

ನೋಟ್ಸ್ ಕೂಡ ಇದಕ್ಕೆ ತಕ್ಕ ಹಾಗೆ. ಝೊಟೆರೊದಲ್ಲೇ ಪಿಡಿಎಫ್ ತೆರೆದು ಅಂಕಿಗೆ ಹಳದಿ, ಲೆಕ್ಕ ಹಾಕಿದ ರೀತಿಗೆ ಕೆಂಪು ಬಳಿಯುತ್ತೇನೆ. ಆಮೇಲೆ `Add Note from Annotations` ಒತ್ತಿದರೆ ಗೆರೆ ಎಳೆದ ಸಾಲುಗಳೆಲ್ಲ ಪುಟದ ಕೊಂಡಿ ಸಮೇತ ಒಂದು ಟಿಪ್ಪಣಿಯಾಗುತ್ತವೆ. ಅದರ ತಲೆಯ ಮೇಲೆ ನನ್ನ ಮಾತಿನಲ್ಲಿ ಬರೆಯುವುದು ಇಷ್ಟೇ:

ಹೇಳುವುದು: ಎರಡು ಡೋಸಿಗೆ 62.4%.
ಯಾವಾಗ, ಎಲ್ಲಿ: 2005–10, ಕರ್ನಾಟಕ.
ಸ್ವಂತ ಮಾಹಿತಿಯೇ: ಹೌದು.
ಯಾರ ಜೊತೆ ತಕರಾರು: 1994ರ ಪೇಪರ್.

ಮೂರನೇ ಸಾಲಿಗೆ ‘ಅಲ್ಲ’ ಅಂತ ಬಂದರೆ ನಾಲ್ಕನೆಯದನ್ನು ಬರೆಯುವ ಗೋಜಿಗೇ ಹೋಗುವುದಿಲ್ಲ.

ಹುಡುಕಾಟದ ಬಗ್ಗೆ ಶಿವಮೊಗ್ಗದ ಮೇಲೆ ಕೆಲಸ ಮಾಡುವವರಿಗೆ ಒಂದು ಮಾತು. ಇಂಗ್ಲಿಷಿನಲ್ಲಿ ನಮ್ಮ ಊರಿನ ಹೆಸರು 2014ರವರೆಗೆ `Shimoga`, ಆಮೇಲೆ `Shivamogga`. 1973ಕ್ಕಿಂತ ಹಿಂದಿನವರಿಗೆ ರಾಜ್ಯ ಕರ್ನಾಟಕವಲ್ಲ, `Mysore`. ಹೊಸ ಹೆಸರು ಒಂದನ್ನೇ ಕೊಟ್ಟು ಹುಡುಕಿದರೆ ಐವತ್ತು ಅರವತ್ತರ ದಶಕದ ಮುಖ್ಯ ಪೇಪರ್‌ಗಳು ಕಣ್ಣಿಗೇ ಬೀಳುವುದಿಲ್ಲ. ಅದಕ್ಕೆ `New Saved Search` ತೆರೆದು, `any` ಆರಿಸಿ, ಎರಡೂ ಕಾಗುಣಿತ ಕೊಟ್ಟು ಉಳಿಸಿಕೊಂಡಿದ್ದೇನೆ. ಮುಂದೆ ಬರುವ ಪೇಪರ್‌ಗಳೂ ತಾವಾಗೇ ಅದರೊಳಗೆ ಸೇರುತ್ತವೆ.

ಆದರೆ ಹಳೆಯ ಪೇಪರ್‌ಗಳು ಬಹಳಷ್ಟು ಬರೀ ಸ್ಕ್ಯಾನ್ ಚಿತ್ರ. ಮೌಸ್ ಎಳೆದಾಗ ಅಕ್ಷರ ಆಯ್ಕೆಯಾಗದಿದ್ದರೆ ಒಳಗೆ ಪಠ್ಯವೇ ಇಲ್ಲ ಅಂತ ಅರ್ಥ. ಅದನ್ನು ಪಠ್ಯ ಮಾಡುವ ಕೆಲಸ ಝೊಟೆರೊಗೆ ಬರುವುದಿಲ್ಲ. ಹೊರಗೆ `ocrmypdf` ಅನ್ನುವ ತಂತ್ರಾಂಶ ಹಾಕಿಕೊಂಡು ಟರ್ಮಿನಲ್‌ನಲ್ಲಿ ಇದನ್ನು ಓಡಿಸಬೇಕು:

```
ocrmypdf -l eng hale.pdf hosa.pdf
```

ಹಳೆಯ ಫೈಲ್ ಇದ್ದ ಜಾಗಕ್ಕೆ ಹೊಸದನ್ನು ಸೇರಿಸಿದರೆ ಹುಡುಕಾಟಕ್ಕೆ ಸಿಗುತ್ತದೆ. ಕನ್ನಡದ ವರದಿಗಳದ್ದು ಬೇರೆ ಕಥೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಪಿಡಿಎಫ್ ಓದಲು ಚೆನ್ನಾಗಿಯೇ ಕಾಣುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಹುಡುಕಾಟಕ್ಕೆ ಸಿಗುವುದೂ ಅದೇ ಕಲಸುಮೇಲೋಗರ. ಅಂಥವಕ್ಕೆ ಹೆಸರು, ಊರು, ನಾಲ್ಕು ಮುಖ್ಯ ಪದಗಳನ್ನು ಟಿಪ್ಪಣಿಯಲ್ಲಿ ಕೈಯಾರೆ ಟೈಪ್ ಮಾಡುವುದೇ ದಾರಿ.

ಇನ್ನು ಆ ಕಳೆದ ಒಂದು ಅಂಕ. ಝೊಟೆರೊದಲ್ಲಿ ಎಳೆದ ಗೆರೆಗಳು ಪಿಡಿಎಫ್ ಒಳಗೆ ಕೂರುವುದಿಲ್ಲ, ಅದರ ಡೇಟಾಬೇಸಿನಲ್ಲಿ ಇರುತ್ತವೆ. ಆ ಫೈಲನ್ನು ಫೋಲ್ಡರಿನಿಂದ ನೇರ ತೆಗೆದು ಗೈಡಿಗೆ ಮೇಲ್ ಮಾಡಿದರೆ ಅವರಿಗೆ ಕಾಣುವುದು ಗೆರೆಯಿಲ್ಲದ ಪೇಪರ್. ಗೆರೆ ಸಮೇತ ಬೇಕೆಂದರೆ ಝೊಟೆರೊ ಒಳಗಿಂದ ಎಕ್ಸ್‌ಪೋರ್ಟ್ ಮಾಡಬೇಕು. ಹೊಸಬರಿಗೆ ಇದು ಸುಲಭವಾಗಿ ಗೊತ್ತಾಗುವುದಿಲ್ಲ.

ದುಡ್ಡಿನ ವಿಚಾರ. ತಂತ್ರಾಂಶ ಉಚಿತ. ಅವರ ಸರ್ವರಿನಲ್ಲಿ ಫೈಲ್ ಇಡಲು 300 ಎಂಬಿ ಪುಕ್ಕಟೆ, 2 ಜಿಬಿ ಬೇಕೆಂದರೆ ವರ್ಷಕ್ಕೆ 20 ಡಾಲರ್. ಸ್ಕ್ಯಾನ್ ಪೇಪರ್‌ಗಳಿಗೆ 300 ಎಂಬಿ ಯಾವ ಮೂಲೆಗೂ ಸಾಲದು. ನಾನು ಸಿಂಕ್‌ನಲ್ಲಿ ಫೈಲುಗಳನ್ನು ನಿಲ್ಲಿಸಿ ವಿವರ, ಟಿಪ್ಪಣಿಗಳನ್ನಷ್ಟೇ ಬಿಟ್ಟಿದ್ದೇನೆ. ಅದಕ್ಕೆ ಮಿತಿ ಇಲ್ಲ. ಫೈಲುಗಳು ಲ್ಯಾಪ್‌ಟಾಪಿನಲ್ಲೇ ಇರುವುದರಿಂದ ಜುಲೈ ಮಳೆಗೆ ಶಂಕರಘಟ್ಟದಲ್ಲಿ ನೆಟ್ ಹೋದರೂ ಓದು ನಿಲ್ಲುವುದಿಲ್ಲ.

ದುಡ್ಡು ಉಳಿಸಲು ಹೋಗಿ ಝೊಟೆರೊ ಫೋಲ್ಡರನ್ನೇ ಯಾವುದಾದರೂ ಕ್ಲೌಡ್ ಸಿಂಕ್ ಫೋಲ್ಡರಿನೊಳಗೆ ಇಡಬೇಡಿ. ಝೊಟೆರೊ ಬರೆಯುತ್ತಿರುವಾಗಲೇ ಆ ಕ್ಲೌಡ್ ತಂತ್ರಾಂಶ `zotero.sqlite` ಫೈಲನ್ನು ಮೇಲಕ್ಕೆ ಕಳಿಸಲು ಹೋದರೆ ಡೇಟಾಬೇಸ್ ಕೆಡಬಹುದು. ಝೊಟೆರೊದವರೇ ಬೇಡ ಅಂತ ಎಚ್ಚರಿಸಿದ್ದಾರೆ. ಮೊದಲು ಝೊಟೆರೊ ಮುಚ್ಚಿ, ಆಮೇಲೆ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿ. `storage` ಒಳಗೆ ಎಂಟೆಂಟು ಅಕ್ಷರದ ವಿಚಿತ್ರ ಹೆಸರಿನ ಫೋಲ್ಡರ್‌ಗಳು ಕಾಣುತ್ತವೆ. ಅವಕ್ಕೆ ಕೈ ಹಾಕಿ ಹೆಸರು ಸರಿಮಾಡಲು ಹೋಗಬೇಡಿ, ಪೇಪರಿಗೂ ಫೈಲಿಗೂ ಇರುವ ಕೊಂಡಿ ಕಳಚುತ್ತದೆ.