ಚಾಟ್‌ನಲ್ಲಿ ಬಂದ ಆರ್ಡರ್ ನಂಬುವ ಮೊದಲು ಎಡಿಟ್ ಸೆಟ್ಟಿಂಗ್ ನೋಡಿಕೊಳ್ಳಿ

ಆಫೀಸಿನಲ್ಲಿ ಸ್ಲ್ಯಾಕ್ ಬಳಸುವವರು, ಅದರಲ್ಲೂ ಚಾಟ್‌ನಲ್ಲಿ ಬಂದ ಮಾತಿನ ಮೇಲೆ ದುಡ್ಡು ಖರ್ಚು ಮಾಡುವವರು ಇದನ್ನು ಓದಬೇಕು. ನಾನು ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಪ್ರಿಂಟಿಂಗ್ ಆರ್ಡರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಒಂದು ಸೋಮವಾರ ಬೆಳಗ್ಗೆ 11:30ಕ್ಕೆ ಮ್ಯಾನೇಜರ್ ನಮ್ಮ ಚಾನೆಲ್‌ನಲ್ಲಿ ನನ್ನನ್ನೂ ಇನ್ನೊಬ್ಬ ಸಹೋದ್ಯೋಗಿಯನ್ನೂ ಟ್ಯಾಗ್ ಮಾಡಿ, ಕರಪತ್ರ 5,000 ಪ್ರತಿ ಹಾಕಿಸಿ ಎಂದು ಬರೆದರು. ನಾನು ಅವತ್ತೇ ಪ್ರೆಸ್‌ಗೆ ಆರ್ಡರ್ ಕೊಟ್ಟೆ. ಗುರುವಾರ ಬಿಲ್ ಬಂತು. ಶುಕ್ರವಾರ ನನ್ನನ್ನು ಕರೆದು, 500 ಹೇಳಿದ್ದಕ್ಕೆ 5,000 ಯಾಕೆ ಹಾಕಿಸಿದಿರಿ ಎಂದು ಕೇಳಿದರು. ಚಾಟ್ ತೆರೆದು ನೋಡಿದರೆ ಅಲ್ಲಿ 500 ಎಂದೇ ಇತ್ತು. ಪಕ್ಕದಲ್ಲಿ ಸಣ್ಣದಾಗಿ `(edited)`.

ಕಾಗುಣಿತ ಸರಿ ಮಾಡಿದೆ ಅಷ್ಟೇ, ಅಂಕಿ ಮುಟ್ಟಿಲ್ಲ ಎಂದು ಅವರು ವಾದಿಸಿದರು. ಸಂದೇಶ ತಿದ್ದಿದಾಗ ಸ್ಲ್ಯಾಕ್ ಯಾರಿಗೂ ಹೊಸ ನೋಟಿಫಿಕೇಶನ್ ಕಳಿಸುವುದಿಲ್ಲ. ಹಾಗಾಗಿ ಚಾನೆಲ್‌ನಲ್ಲಿದ್ದ ಯಾರ ಗಮನಕ್ಕೂ ಅದು ಬಂದಿರಲಿಲ್ಲ.

ಹಳೆಯ ಸಾಲು ಸರ್ವರ್‌ನಲ್ಲಿ ಎಲ್ಲೋ ಇದ್ದೇ ಇರುತ್ತದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಅದನ್ನು ತೀರ್ಮಾನಿಸುವುದು ರಿಟೆನ್ಷನ್ ಸೆಟ್ಟಿಂಗ್, ಅದು ವರ್ಕ್‌ಸ್ಪೇಸ್ ಓನರ್ ಕೈಯಲ್ಲಿರುತ್ತದೆ. ಸಂದೇಶಗಳ ಜೊತೆಗೆ ತಿದ್ದಿದ, ಅಳಿಸಿದ ದಾಖಲೆಯನ್ನೂ ಇಟ್ಟುಕೊಳ್ಳಬಹುದು, ಅಥವಾ ಸಂದೇಶವನ್ನು ಮಾತ್ರ ಇಟ್ಟುಕೊಂಡು ಆ ದಾಖಲೆ ಬಿಡಬಹುದು. ನಮ್ಮಲ್ಲಿ ಎರಡನೆಯದಿತ್ತು. ಐಟಿಯವರು ಚಾನೆಲ್‌ನ ಎಕ್ಸ್‌ಪೋರ್ಟ್ ತೆಗೆದುಕೊಟ್ಟಾಗ ಆ ಸಂದೇಶದ ಕೆಳಗೆ ಸಿಕ್ಕಿದ್ದು ಇಷ್ಟೇ (ಐಡಿ ಬದಲಿಸಿದ್ದೇನೆ):

```
"ts": "1717999200.000100",
"edited": {
  "user": "U0XXXXXXX",
  "ts": "1718276400.000000"
}
```

ಮೊದಲ `ts` ಸಂದೇಶ ಬರೆದ ಸಮಯ, ಒಳಗಿನದು ತಿದ್ದಿದ ಸಮಯ. ಎರಡೂ 1970ರಿಂದ ಎಣಿಸಿದ ಸೆಕೆಂಡುಗಳು. ನಮ್ಮ ಸಮಯಕ್ಕೆ ತಿರುಗಿಸಿದರೆ ಸೋಮವಾರ ಬೆಳಗ್ಗೆ 11:30 ಮತ್ತು ಗುರುವಾರ ಸಂಜೆ 4:30. ಅಂದರೆ ಬಿಲ್ ಬಂದ ದಿನವೇ ತಿದ್ದಿದ್ದಾರೆ. ಯಾರು ತಿದ್ದಿದರು, ಯಾವಾಗ ತಿದ್ದಿದರು ಎಂಬುದು ಉಳಿದಿತ್ತು. ಮೊದಲು ಏನಿತ್ತು ಎಂಬುದು ಉಳಿದಿರಲಿಲ್ಲ. ಕಾಗುಣಿತದ ವಾದವನ್ನು ಇದರಿಂದ ಸುಳ್ಳು ಮಾಡಲು ಆಗುವುದಿಲ್ಲ. ದಾಖಲೆ ಇಡುವ ಆಯ್ಕೆಯನ್ನು ಆಮೇಲೆ ಆನ್ ಮಾಡಿದರೂ ಹೋದ ಸಾಲು ವಾಪಸ್ ಬರುವುದಿಲ್ಲ.

ಕೊನೆಗೆ ನನ್ನನ್ನು ಉಳಿಸಿದ್ದು ಒಂದು ಇಮೇಲ್. ಟ್ಯಾಗ್ ಆದವರು ಆ ಹೊತ್ತಿಗೆ ಸ್ಲ್ಯಾಕ್‌ನಲ್ಲಿ ಇಲ್ಲದಿದ್ದರೆ, ಇಮೇಲ್ ನೋಟಿಫಿಕೇಶನ್ ಆನ್ ಇದ್ದರೆ, ಸಂದೇಶ ಅವರ ಮೇಲ್‌ಗೆ ಹೋಗುತ್ತದೆ. ನಾನು ಸೀಟಿನಲ್ಲೇ ಇದ್ದೆ, ನನಗೆ ಮೇಲ್ ಬಂದಿರಲಿಲ್ಲ. ನನ್ನ ಸಹೋದ್ಯೋಗಿ ಅವತ್ತು ರಜೆಯಲ್ಲಿದ್ದರು. ಅವರ ಇನ್‌ಬಾಕ್ಸ್‌ನಲ್ಲಿ 5,000 ಎಂದೇ ಇತ್ತು. ಚಾಟ್‌ನಲ್ಲಿ ಎಷ್ಟೇ ತಿದ್ದಿದರೂ ಹೊರಟುಹೋದ ಮೇಲ್ ಬದಲಾಗುವುದಿಲ್ಲ. ಅವರು ರಜೆ ಹಾಕದೇ ಇದ್ದಿದ್ದರೆ ಆ ದುಡ್ಡು ನನ್ನ ತಲೆಗೇ ಬರುತ್ತಿತ್ತು ಅಲ್ವಾ? ಈಗಲೂ ನೆನೆದರೆ ಸಿಟ್ಟು ಬರುತ್ತದೆ.

ನಿಮ್ಮ ಅಡ್ಮಿನ್ ಹತ್ತಿರ ಈಗಲೇ ಕೇಳಿ. ವರ್ಕ್‌ಸ್ಪೇಸ್ ಸೆಟ್ಟಿಂಗ್ಸ್‌ನಲ್ಲಿ `Permissions` ಒಳಗೆ `Message Editing & Deletion` ಎಂಬ ಭಾಗವಿದೆ. ತಿದ್ದಲು ಎಷ್ಟು ಸಮಯ ಎಂಬುದು ಒಂದು ಆಯ್ಕೆ, ಯಾರು ಅಳಿಸಬಹುದು ಎಂಬುದು ಇನ್ನೊಂದು. ಎರಡೂ ಬೇರೆ ಬೇರೆ ಎಂಬುದನ್ನು ಮರೆಯಬೇಡಿ. ಅಳಿಸುವುದನ್ನು ಅಡ್ಮಿನ್‌ಗಳಿಗೆ ಮಾತ್ರ ಬಿಟ್ಟು, ತಿದ್ದುವುದನ್ನು ಯಾವಾಗ ಬೇಕಾದರೂ ಎಂದು ಇಟ್ಟರೆ ಉಪಯೋಗವಿಲ್ಲ. ಇಡೀ ಸಂದೇಶ ತೆಗೆದು ಒಂದು ಚುಕ್ಕಿ ಇಟ್ಟು ಸೇವ್ ಮಾಡಿದರೆ ಅಳಿಸಿದ ಹಾಗೇ ಆಯಿತು. 5 ನಿಮಿಷ ಕೊಟ್ಟರೆ ಕಾಗುಣಿತ ಸರಿ ಮಾಡಲು ಧಾರಾಳ ಸಾಕು.

ಎಲ್ಲರಿಗೂ ಅಳಿಸುವ ಅವಕಾಶ ಇದ್ದರೆ ಇನ್ನೂ ಕಷ್ಟ. ಕೆಳಗೆ ಉತ್ತರ ಬಂದಿರುವ ಸಂದೇಶ ಅಳಿಸಿದರೆ, ಅಳಿಸಲಾಗಿದೆ ಎಂಬ ಗುರುತಾದರೂ ಉಳಿಯುತ್ತದೆ. ಉತ್ತರವೇ ಇಲ್ಲದಿದ್ದರೆ ಚಾನೆಲ್‌ನಲ್ಲಿ ಏನೂ ಕಾಣುವುದಿಲ್ಲ.

ಸೆಟ್ಟಿಂಗ್ ಬದಲಿಸಲು ನಿಮ್ಮ ಆಫೀಸ್ ಒಪ್ಪದಿದ್ದರೆ, ಆರ್ಡರ್ ಕೊಡುವ ಮೊದಲು ಆ ಸಂದೇಶಕ್ಕೆ ಥ್ರೆಡ್‌ನಲ್ಲೇ ಉತ್ತರ ಬರೆಯಿರಿ: "ಸರ್, 5,000 ಪ್ರತಿ, ಇವತ್ತೇ ಪ್ರೆಸ್‌ಗೆ ಕಳಿಸುತ್ತಿದ್ದೇನೆ." ಸ್ಲ್ಯಾಕ್‌ನಲ್ಲಿ ನಿಮ್ಮ ಸಂದೇಶವನ್ನು ಬೇರೆ ಯಾರೂ ತಿದ್ದಲು ಆಗುವುದಿಲ್ಲ, ಅಡ್ಮಿನ್ ಕೂಡ. ಅಳಿಸಲು ಮಾತ್ರ ಅವರಿಗೆ ಸಾಧ್ಯ. ಅದಕ್ಕೇ ದುಡ್ಡಿನ ವಿಷಯವಾದರೆ ಅದೇ ಸಾಲನ್ನು ಆಫೀಸ್ ಮೇಲ್‌ನಿಂದಲೂ ಆರ್ಡರ್ ಹೇಳಿದವರಿಗೆ ಕಳಿಸಿಬಿಡಿ.