ಕೆಲಸ ಹುಡುಕಲು ಒಂದೇ ಉದ್ಯಮದ ನಗರವೋ, ಹಲವು ಉದ್ಯಮಗಳ ನಗರವೋ?

ಸಾಫ್ಟ್‌ವೇರ್‌ನಂತಹ ಒಂದೇ ಉದ್ಯಮವನ್ನು ನೆಚ್ಚಿಕೊಂಡ ನಗರದಲ್ಲಿ ಕಂಪನಿಗಳು ಹೊಸಬರನ್ನು ತಂಡತಂಡವಾಗಿ ಕೆಲಸಕ್ಕೆ ಸೇರಿಸಿಕೊಳ್ಳುತ್ತವೆ. ಆದರೆ ಆ ಉದ್ಯಮಕ್ಕೆ ಹಿನ್ನಡೆಯಾದಾಗ ಬಹುತೇಕ ಬಾಗಿಲುಗಳು ಒಟ್ಟಿಗೇ ಮುಚ್ಚುತ್ತವೆ. ಆಸ್ಪತ್ರೆ, ಬ್ಯಾಂಕು, ಕಾರ್ಖಾನೆ, ಸಾಗಣೆ ಎಲ್ಲವೂ ಇರುವ ನಗರದಲ್ಲಿ ಅವಕಾಶಗಳು ಚದುರಿರುತ್ತವೆ, ಹುಡುಕಲು ಹೆಚ್ಚು ಸಮಯ ಹಿಡಿಯುತ್ತದೆ, ಆದರೆ ಒಂದು ಕ್ಷೇತ್ರ ಸೊರಗಿದರೂ ಲೆಕ್ಕಪತ್ರ ಬಲ್ಲವರಿಗೆ ಇನ್ನೊಂದರಲ್ಲಿ ಕೆಲಸ ಸಿಗಬಹುದು.

ಮೊದಲನೆಯದರಲ್ಲಿ ತಂತ್ರಜ್ಞರ ಸಭೆಗಳಲ್ಲೇ ಪರಿಚಯ ಬೆಳೆಯುತ್ತದೆ. ಎರಡನೆಯದರಲ್ಲಿ ವಾಣಿಜ್ಯ ಮಂಡಳಿ, ವೃತ್ತಿ ಸಂಘ ಮತ್ತು ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಬಳಗವೇ ಮುಖ್ಯ. ಎರಡೂ ಕಡೆ ನೇರವಾಗಿ ಕೆಲಸ ಕೇಳುವುದಕ್ಕಿಂತ, "ನಿಮ್ಮ ವಿಭಾಗದಲ್ಲಿ ಕಳೆದ ವರ್ಷ ಹೊಸಬರನ್ನು ತೆಗೆದುಕೊಂಡರೇ, ಯಾವ ಹುದ್ದೆಗೆ?" ಎಂದು ವಿಚಾರಿಸಿದರೆ ಉಪಯುಕ್ತ ಉತ್ತರ ದೊರೆಯುತ್ತದೆ.

ಸಂಬಳವನ್ನು ಘೋಷಿತ ಮೊತ್ತದಿಂದ ಅಳೆಯಬಾರದು. ಮೊದಲ ನಗರದಲ್ಲಿ ಕೈಗೆ ಬರುವುದು 100 ಪಾಲು, ಬಾಡಿಗೆ ಮತ್ತು ಓಡಾಟಕ್ಕೆ 50 ಪಾಲು ಎಂದುಕೊಳ್ಳೋಣ. ಎರಡನೆಯದರಲ್ಲಿ 80 ಬಂದು 25 ಖರ್ಚಾದರೆ, ಕಡಿಮೆ ಸಂಬಳದಲ್ಲೇ 5 ಪಾಲು ಹೆಚ್ಚು ಉಳಿಯುತ್ತದೆ. ಘೋಷಿತ ಮೊತ್ತದಲ್ಲಿ ಸಾಧನೆಗೆ ತಕ್ಕಂತೆ ಬದಲಾಗುವ ಭಾಗವೂ ಸೇರಿರಬಹುದು. ಅದನ್ನು ಬಿಟ್ಟು, ತಿಂಗಳಿಗೆ ಖಚಿತವಾಗಿ ಸಿಗುವುದೆಷ್ಟೆಂದು ಲಿಖಿತವಾಗಿ ಕೇಳಿ. ಆದರೂ ಕೆಲವೇ ತಿಂಗಳ ಉಳಿತಾಯವಿರುವವರು ಹೆಚ್ಚು ಕಾಲ ಹುಡುಕುತ್ತಾ ಕೂರಲಾಗದು; ಅಂಥವರಿಗೆ, ನೇಮಕಾತಿ ಚುರುಕಾಗಿರುವವರೆಗೆ, ನಾನು ಮೊದಲ ನಗರವನ್ನೇ ಸೂಚಿಸುತ್ತೇನೆ.